ಸಂಜೆ ಕ್ಯಾನು ವಾಪಸ್ ಬರುತ್ತಿದೆ. ಭಾನುವಾರ ಸಂಘದಲ್ಲಿ ಮಾತಾಡಬೇಕು, ಬರೆದಿದ್ದು ಸರಿಯಿದೆಯಾ ನೋಡಿ ಹೇಳಿ

ಸಾವಿತ್ರಿ, ಶಿರಾ ಕಡೆ
ಏಪ್ರಿಲ್ 2, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ನಾನು ಹಾಲು ಪರೀಕ್ಷೆ ಮಾಡುತ್ತೇನೆ. ಮಾರ್ಚ್ ಮಧ್ಯದಿಂದ ಇಲ್ಲಿಯವರೆಗೆ ಸಂಜೆ ಹಾಲಿನ ಕ್ಯಾನು ನಾಲ್ಕು ಸಲ ವಾಪಸ್ ಬಂದಿದೆ. ಹುಳಿ ಅಂತ. ಬೆಳಗಿನ ಹಾಲು ಒಮ್ಮೆಯೂ ವಾಪಸ್ ಬಂದಿಲ್ಲ. ನಮ್ಮಲ್ಲಿ ಹಾಲು ತಣ್ಣಗೆ ಮಾಡಿಡುವ ಬಿಎಂಸಿ ಟ್ಯಾಂಕ್ ಇಲ್ಲ. ಕ್ಯಾನಿನಲ್ಲೇ ತುಂಬಿಟ್ಟು ಗಾಡಿಗೆ ಕಾಯಬೇಕು.

ನಮ್ಮ ಮೆಷಿನ್‌ನಲ್ಲಿ ಫ್ಯಾಟ್ 4.1, ಕೊಬ್ಬು ಬಿಟ್ಟ ಘನಾಂಶವಾದ ಎಸ್‌ಎನ್‌ಎಫ್ 8.6 ಬಂದ ಹಾಲೇ ಒಡೆದಿದೆ. ಮೆಷಿನ್ ಚೀಟಿ ಚೆನ್ನಾಗಿ ಬಂದರೆ ಹಾಲು ಚೆನ್ನಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಲಿನಲ್ಲಿ ಎಷ್ಟು ಸೂಕ್ಷ್ಮಜೀವಿ ಇವೆ ಅಂತ ಆ ಚೀಟಿ ಹೇಳುವುದಿಲ್ಲ. ಇದನ್ನು ಅವರಿಗೆ ಹೇಗೆ ತಿಳಿಸುವುದು ಅನ್ನುವುದೇ ನನ್ನ ಕಷ್ಟ.

ಭಾನುವಾರ ಅರ್ಧ ಗಂಟೆ ಮಾತಾಡಲು ಕಾರ್ಯದರ್ಶಿ ಹೇಳಿದ್ದಾರೆ. ನಾನು ಹೀಗೆ ಬರೆದುಕೊಂಡಿದ್ದೇನೆ:

"ಅಕ್ಕಂದಿರೇ, ಕೆಚ್ಚಲಿನಿಂದ ಬಂದ ಹಾಲು ನಮ್ಮ ಮೈಯಷ್ಟೇ ಬೆಚ್ಚಗಿರುತ್ತದೆ. ಹಸಿ ಹಾಲಿಗೆ ತನ್ನನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಸ್ವಲ್ಪ ಹೊತ್ತು ಇರುತ್ತದೆ. ಸುಮಾರು ಎರಡು ಮೂರು ಗಂಟೆ. ಅದು ಮುಗಿದ ಮೇಲೆ, ಈ ಬಿಸಿಲುಗಾಲದಲ್ಲಿ, ಹುಳಿ ಮಾಡುವ ಜೀವಿಗಳು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ. ನೂರು ಇದ್ದರೆ ಮೂರು ಗಂಟೆಯಲ್ಲಿ ಆರು ಸಾವಿರದ ನಾನೂರು. ಆರು ಗಂಟೆಯಲ್ಲಿ ನಾಲ್ಕು ಲಕ್ಷ. ಆದ್ದರಿಂದ ಮೊದಲು ಎಷ್ಟು ಸೇರಿದವು ಅನ್ನುವುದು ಮುಖ್ಯ. ಕರೆದು ಎಷ್ಟು ಹೊತ್ತಾಯಿತು ಅನ್ನುವುದೂ ಅಷ್ಟೇ ಮುಖ್ಯ."

ಆಮೇಲೆ ಕೆಚ್ಚಲು ತೊಳೆಯುವುದು, ಒರೆಸುವುದು, ಮೊದಲ ನಾಲ್ಕು ಧಾರೆ ಬೇರೆ ಬಟ್ಟಲಿಗೆ ಹಿಂಡುವುದು, ಕ್ಯಾನು ತೊಳೆಯುವುದು ಹೇಳುತ್ತೇನೆ. ಏನು ಬಿಟ್ಟಿದ್ದೇನೆ? ಏನು ತಪ್ಪಿದೆ?

ಗಂಗಾಧರ, ತಿಪಟೂರು
ಏಪ್ರಿಲ್ 2, ರಾತ್ರಿ 10:15

ಅಕ್ಕ, ಇಷ್ಟೆಲ್ಲಾ ಲೆಕ್ಕ ಬೇಡ. ಸೆಖೆ ಜಾಸ್ತಿ, ಅದಕ್ಕೇ ಒಡೆಯುತ್ತದೆ. ನಮ್ಮ ಮನೆಯಲ್ಲಿ ಹಾಲು ಸುರಿದು ಬಂದ ತಕ್ಷಣ ಕ್ಯಾನಿಗೆ ಕುದಿಯುವ ನೀರು ಹಾಕಿ ಉಜ್ಜಿಬಿಡುತ್ತೇವೆ. ಒಂದು ದಿನವೂ ವಾಪಸ್ ಬಂದಿಲ್ಲ. ತೀರಾ ಸೆಖೆ ಇದ್ದರೆ ಕೆಲವರು ಒಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಅಡುಗೆಗೇ ಹಾಕುತ್ತೇವಲ್ಲ, ಅದರಿಂದೇನೂ ತೊಂದರೆ ಇಲ್ಲ ಅಲ್ವಾ?

ನಿವೃತ್ತ ಪಶುವೈದ್ಯ, ಹಾಸನ
ಏಪ್ರಿಲ್ 3, ಬೆಳಿಗ್ಗೆ 6:50

ಗಂಗಾಧರ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಕುದಿಯುವ ನೀರು ಬೇಕೇ ಬೇಕು. ಆದರೆ ಮೊದಲು ಹಾಕಬಾರದು. ಹಾಲಿನ ಪಸೆ ಇರುವ ಕ್ಯಾನಿಗೆ ಕುದಿಯುವ ನೀರು ಬಿದ್ದರೆ ಆ ಹಾಲು ಬೆಂದು ಗೋಡೆಗೆ ಅಂಟಿಕೊಳ್ಳುತ್ತದೆ. ಗಂಜಿ ಪಾತ್ರೆ ತಳ ಹಿಡಿದ ಹಾಗೆ. ದಿನಾ ಒಂದು ಪದರ. ಒಂದು ತಿಂಗಳಾದ ಮೇಲೆ ಒಣಗಿದ ಕ್ಯಾನಿನ ಒಳಗೆ ಉಗುರು ಆಡಿಸಿ ನೋಡಿ. ನುಣ್ಣಗಿರಬೇಕಾದ ಕಡೆ ಉಗುರು ತಡೆಯುತ್ತದೆ, ಮಾಸಲು ಹಳದಿ ಪುಡಿ ಬರುತ್ತದೆ. ಅದನ್ನೇ ಹಾಲಿನ ಕಲ್ಲು ಅನ್ನುತ್ತಾರೆ. ಅದರ ಸಂದಿಯಲ್ಲಿ ಕುಳಿತ ಜೀವಿಗಳಿಗೆ ನಿಮ್ಮ ಕುದಿಯುವ ನೀರು ಸರಿಯಾಗಿ ತಲುಪುವುದಿಲ್ಲ.

ಕ್ರಮ ಹೀಗಿರಲಿ. ಡೈರಿಯಿಂದ ಬಂದ ಕೂಡಲೇ, ಹಾಲು ಒಣಗುವ ಮೊದಲೇ, ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ. ನೀರು ಬೆಳ್ಳಗೆ ಬರುವುದು ನಿಲ್ಲಬೇಕು. ಆಮೇಲೆ ಕೈ ತಾಳುವಷ್ಟು ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ಬ್ರಷ್‌ನಲ್ಲಿ ಉಜ್ಜಿ. ಹತ್ತು ಲೀಟರ್ ನೀರಿಗೆ 50 ಗ್ರಾಂ ಸಾಕು. ಕ್ಯಾನು ಅಲ್ಯೂಮಿನಿಯಂ ಆದರೆ ಸೋಡಾ ಬೇಡ, ಕಪ್ಪಾಗಿ ತಿನ್ನುತ್ತದೆ. ಸಾಮಾನ್ಯ ಸೋಪಿನ ಪುಡಿ ಬಳಸಿ. ಮತ್ತೆ ಚೆನ್ನಾಗಿ ಜಾಲಿಸಿ. ಕುದಿಯುವ ನೀರು ಕೊನೆಗೆ. ಎರಡು ಮೂರು ಲೀಟರ್ ಹಾಕಿ, ಮುಚ್ಚಳವನ್ನು ಬಿಗಿಯದೆ ಸುಮ್ನೆ ಇಟ್ಟು, ಎಲ್ಲ ಕಡೆ ತಾಗುವಂತೆ ತಿರುಗಿಸಿ, ಐದು ನಿಮಿಷ ಬಿಟ್ಟು ಚೆಲ್ಲಿ. ನಂತರ ಬೋರಲು ಹಾಕಿ ಬಿಸಿಲಿನಲ್ಲಿ ಒಣಗಿಸಿ. ನೆಲದ ಮೇಲಲ್ಲ, ಕಟ್ಟೆಯ ಮೇಲೆ ಅಥವಾ ಎರಡು ಕೋಲಿನ ಮೇಲೆ. ಕೆಳಗಿನಿಂದ ಗಾಳಿ ಆಡಬೇಕು.

ಈಗಾಗಲೇ ಕಲ್ಲು ಕಟ್ಟಿದ ಸ್ಟೀಲ್ ಕ್ಯಾನಿಗೆ ಹುಣಸೆ ಹುಳಿ ಕಿವುಚಿದ ಬಿಸಿ ನೀರು ಹಾಕಿ ಅರ್ಧ ಗಂಟೆ ನೆನೆಸಿ ಉಜ್ಜಿ. ಸೋಡಾಗೆ ಬಗ್ಗದ್ದು ಹುಳಿಗೆ ಬಗ್ಗುತ್ತದೆ.

ಇನ್ನು ಹಾಲಿಗೆ ಅಡುಗೆ ಸೋಡಾ. ಅದು ಹುಳಿಯನ್ನು ಮುಚ್ಚಿಡುತ್ತದೆ ಅಷ್ಟೇ. ಹುಳಿ ಮಾಡಿದ ಜೀವಿಗಳು ಹಾಗೇ ಬೆಳೆಯುತ್ತಿರುತ್ತವೆ. ಲ್ಯಾಬ್‌ನಲ್ಲಿ ರೋಸಾಲಿಕ್ ಆಸಿಡ್ ಕೆಲವು ಹನಿ ಹಾಕಿದರೆ ಗುಲಾಬಿ ಕೆಂಪು ಬಣ್ಣ ಬರುತ್ತದೆ, ಸಿಕ್ಕಿಬೀಳುತ್ತೀರಿ. ಅದು ಕಲಬೆರಕೆಯೇ. ದಯವಿಟ್ಟು ಯಾರಿಗೂ ಹೇಳಿಕೊಡಬೇಡಿ.

ಮೀನಾ, ಬೆಂಗಳೂರು
ಏಪ್ರಿಲ್ 3, ಬೆಳಿಗ್ಗೆ 8:05

ನಮ್ಮ ಮನೆಯಲ್ಲೂ ಇದೇ ಸಮಸ್ಯೆ! ಪ್ಯಾಕೆಟ್ ಹಾಲು ಬೆಳಿಗ್ಗೆ ತಂದು ಕಟ್ಟೆ ಮೇಲೆ ಇಟ್ಟು ಮರೆತರೆ ಹನ್ನೊಂದು ಗಂಟೆಗೆ ಕಾಯಿಸುವಾಗ ಒಡೆಯುತ್ತದೆ. ನಾನೂ ಕೆಚ್ಚಲು... ಕ್ಷಮಿಸಿ, ಇದು ಹಸು ಸಾಕುವವರಿಗೆ ಅಂತ ಈಗ ಗೊತ್ತಾಯಿತು. ಆದರೂ ಕೇಳುತ್ತೇನೆ. ನೀವು ಹೇಳಿದ ಎರಡು ಮೂರು ಗಂಟೆಯ ಲೆಕ್ಕ ಪ್ಯಾಕೆಟ್ ಹಾಲಿಗೂ ಇದೆಯಾ?

ನಿವೃತ್ತ ಪಶುವೈದ್ಯ, ಹಾಸನ
ಏಪ್ರಿಲ್ 3, ಬೆಳಿಗ್ಗೆ 8:30

ಇಲ್ಲಮ್ಮ. ಅದು ಕಾಯಿಸಿ ತಣ್ಣಗೆ ಮಾಡಿ ಬಂದ ಹಾಲು. ಹಸಿ ಹಾಲಿನ ಆ ಗುಣವನ್ನು ಅದರಲ್ಲಿ ನಂಬಬೇಡಿ. ತಂದ ತಕ್ಷಣ ಫ್ರಿಜ್‌ಗೆ ಹಾಕಿ.

ಕೊಟ್ಟಿಗೆ ಮನೆ, ಪುತ್ತೂರು
ಏಪ್ರಿಲ್ 3, ಮಧ್ಯಾಹ್ನ 1:20

ಸಾವಿತ್ರಿಯವರೇ, ತಣ್ಣಗೆ ಮಾಡುವ ವಿಷಯ ನೀವು ಬರೆದೇ ಇಲ್ಲವಲ್ಲ? ನಮ್ಮಲ್ಲಿ ಒಬ್ಬ ಅಧಿಕಾರಿ ಬಂದು ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿ ಅಂದರು. ಏಪ್ರಿಲ್ ಮೇ ಎರಡೂ ತಿಂಗಳು ಸುತ್ತಿದೆ. ಏನೂ ಪ್ರಯೋಜನ ಆಗಲಿಲ್ಲ. ಚೀಲ ಬೆಳಗಿನವರೆಗೂ ಒದ್ದೆಯಾಗಿಯೇ ಇತ್ತು, ಹಾಲು ಮಾತ್ರ ಬೆಚ್ಚಗೇ.

ಈಗ ಸಿಮೆಂಟ್ ತೊಟ್ಟಿಯಲ್ಲಿ ನಿಲ್ಲಿಸುತ್ತೇನೆ. ಬಾವಿ ನೀರು. ಹತ್ತು ಲೀಟರ್ ಹಾಲಿಗೆ ಎಪ್ಪತ್ತು ಲೀಟರ್ ನೀರು ಇರುತ್ತದೆ. ಅರ್ಧ ಗಂಟೆಯಲ್ಲಿ ಕ್ಯಾನು ಮುಟ್ಟಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ನಿವೃತ್ತ ಪಶುವೈದ್ಯ, ಹಾಸನ
ಏಪ್ರಿಲ್ 3, ಸಂಜೆ 4:10

ನಿಮ್ಮ ಅನುಭವ ಸರಿಯಾಗಿದೆ. ಗೋಣಿಚೀಲ ತಣ್ಣಗಾಗುವುದು ನೀರು ಆವಿಯಾಗಿ ಆರಿದಾಗ. ಪುತ್ತೂರಿನ ಗಾಳಿಯಲ್ಲಿ ಮೊದಲೇ ತೇವ ತುಂಬಿದೆ, ನೀರು ಆರುವುದೇ ಇಲ್ಲ. ಚೀಲ ಒದ್ದೆಯಾಗಿಯೇ ಉಳಿಯಿತು ಅಂದಿರಲ್ಲ, ಅದೇ ಗುರುತು. ಶಿರಾ, ಪಾವಗಡ, ಚಿತ್ರದುರ್ಗದ ಒಣ ಗಾಳಿಗೆ ಅದೇ ಚೀಲ ಚೆನ್ನಾಗಿ ಕೆಲಸ ಮಾಡುತ್ತದೆ. ನೆರಳು ಮತ್ತು ಗಾಳಿ ಎರಡೂ ಬೇಕು. ಅರ್ಧ ಗಂಟೆಗೊಮ್ಮೆ ನೀರು ಚಿಮುಕಿಸಬೇಕು.

ತೊಟ್ಟಿ ಎಲ್ಲ ಕಡೆಗೂ ಆಗುತ್ತದೆ. ಎರಡು ವಿಷಯ ನೋಡಿಕೊಳ್ಳಿ. ತೊಟ್ಟಿಯ ನೀರು ಒಳಗಿನ ಹಾಲಿನ ಮಟ್ಟಕ್ಕಿಂತ ಮೇಲಿರಬೇಕು, ಕ್ಯಾನಿನ ಬಾಯಿಗಿಂತ ಕೆಳಗಿರಬೇಕು. ಕುದಿಯುವ ನೀರಿನಲ್ಲಿ ಅದ್ದಿದ ಸ್ಟೀಲ್ ಸೌಟಿನಿಂದ ಹಾಲನ್ನು ಆಗಾಗ ಕೆಳಗೆ ಮೇಲೆ ಮಾಡಿ. ಸುಮ್ನೆ ಇಟ್ಟರೆ ಗೋಡೆ ಪಕ್ಕದ ಹಾಲು ಆರುತ್ತದೆ, ನಡುವಿನದು ಬೆಚ್ಚಗೇ ಉಳಿಯುತ್ತದೆ.

ಇದರಿಂದ ಹಾಲು ನೀರಿನ ಬಿಸಿಗಿಂತ ಕೆಳಗೆ ಇಳಿಯುವುದಿಲ್ಲ ಅನ್ನುವುದು ನೆನಪಿರಲಿ. 26 ಡಿಗ್ರಿ ನೀರಿದ್ದರೆ ಹಾಲು 27, 28ಕ್ಕೆ ಬಂದು ನಿಲ್ಲುತ್ತದೆ. ಬಿಎಂಸಿಯ 4 ಡಿಗ್ರಿ ಅಲ್ಲ. ಗಾಡಿ ಬರುವವರೆಗೆ ಒಂದೆರಡು ಗಂಟೆ ಉಳಿಸಿಕೊಡುತ್ತದೆ ಅಷ್ಟೇ.

ಮಂಜು, ಚಿಂತಾಮಣಿ
ಏಪ್ರಿಲ್ 3, ರಾತ್ರಿ 8:45

ನಮ್ಮದು ಕರೆಯುವ ಮೆಷಿನ್. ಆರು ಹಸು. ಕೈ ತಾಗುವುದೇ ಇಲ್ಲ, ಹಾಗಾಗಿ ಹಾಲು ಶುದ್ಧ ಅಂದುಕೊಂಡಿದ್ದೆ. ಹೋದ ವರ್ಷ ಮೂರು ಸಲ ಹುಳಿ ಅಂದರು. ಕೊನೆಗೆ ಮೆಷಿನ್ ರಿಪೇರಿಯವರು ಬಂದು ಮೊಲೆಗೆ ಹಾಕುವ ಬಟ್ಟಲಿನ ಒಳಗಿನ ರಬ್ಬರ್ ಲೈನರ್ ಎಳೆದು ಹಿಗ್ಗಿಸಿ ತೋರಿಸಿದರು. ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಒಳಗೆಲ್ಲಾ ಮೊಸರಿನ ಪಸೆ. ಎರಡು ವರ್ಷದಿಂದ ಅದೇ ಲೈನರ್. ಸುಮಾರು 2,500 ಸಲ ಹಾಲು ಕರೆದ ಮೇಲೆ ಬದಲಾಯಿಸಬೇಕಂತೆ. ನಮ್ಮ ಒಂದು ಮೆಷಿನ್‌ಗೆ ಆರು ಹಸು, ದಿನಕ್ಕೆ ಎರಡು ಸಲ ಅಂದರೆ ಏಳು ತಿಂಗಳಿಗೇ ಮುಗಿಯುತ್ತದೆ. ಮೆಷಿನ್ ಇರುವವರು ಇದನ್ನೊಂದು ನೋಡಿಕೊಳ್ಳಿ.

ಲಕ್ಷ್ಮಮ್ಮನ ಮಗ, ಕೆ.ಆರ್. ಪೇಟೆ
ಏಪ್ರಿಲ್ 3, ರಾತ್ರಿ 9:30

ಸಾರ್, ನಮ್ಮದು ಬೇರೆ ಥರ. ಕರೆದ ಹಾಲನ್ನು ಹತ್ತೇ ನಿಮಿಷದಲ್ಲಿ ಒಲೆ ಮೇಲಿಟ್ಟರೂ ಒಡೆಯುತ್ತದೆ. ಒಂದೇ ಹಸುವಿನದು. ಇನ್ನೆರಡು ಹಸುವಿನ ಹಾಲು ಚೆನ್ನಾಗಿದೆ. ಅಮ್ಮ ಪಾತ್ರೆಯನ್ನು ನಾಲ್ಕು ಸಲ ತೊಳೆಯುತ್ತಾರೆ. ಇನ್ನು ಹೇಗೆ ತೊಳೆಯಬೇಕು?

ನಿವೃತ್ತ ಪಶುವೈದ್ಯ, ಹಾಸನ
ಏಪ್ರಿಲ್ 4, ಬೆಳಿಗ್ಗೆ 6:40

ನಿಮ್ಮ ಅಮ್ಮನ ತೊಳೆಯುವಿಕೆಯಲ್ಲಿ ತಪ್ಪಿಲ್ಲ. ಹತ್ತು ನಿಮಿಷದಲ್ಲಿ ಯಾವ ಹಾಲೂ ಹುಳಿಯಾಗುವುದಿಲ್ಲ. ಮೂಸಿ ನೋಡಿ, ಹುಳಿ ವಾಸನೆ ಇರುವುದಿಲ್ಲ. ನಾಲಿಗೆಗೆ ಉಪ್ಪುಪ್ಪು ಅನ್ನಿಸುತ್ತದೆಯಾ? ಹಸು ಕರು ಹಾಕಿ ಐದು ದಿನದ ಒಳಗಾಗಿದ್ದರೆ ಅದು ಗಿಣ್ಣು, ಒಡೆಯುವುದು ಸಹಜ. ಅದಲ್ಲದಿದ್ದರೆ ಕೆಚ್ಚಲು ಬಾವು ಅಂತ ಅನುಮಾನ ಪಡಬೇಕು. ಕೆಚ್ಚಲು ಊದದೆ, ಬಿಸಿಯಾಗದೆ, ಒಳಗೊಳಗೇ ಇರುವ ಬಾವು ಇದು. ಗಬ್ಬವಾಗಿ ಹಾಲು ಬತ್ತುವ ಹೊತ್ತಿಗೆ ಬಂದ ಹಸುವಿನ ಹಾಲೂ ಕೆಲವು ಸಲ ಹೀಗೆ ಮಾಡುತ್ತದೆ.

ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಹಿಂಡಿ. ಬಟ್ಟೆ ಸೋಪಿನ ಪುಡಿ ಕರಗಿಸಿದ ನೀರನ್ನು ಹಾಲಿನಷ್ಟೇ ಹಾಕಿ ಬಟ್ಟಲನ್ನು ಮೆಲ್ಲಗೆ ಸುತ್ತಿಸಿ. ಯಾವುದು ಲೋಳೆಯಾಗಿ ಗಟ್ಟಿಯಾಗುತ್ತದೋ ಆ ಮೊಲೆಯಲ್ಲಿ ತೊಂದರೆ. ಅಷ್ಟಾದ ಮೇಲೆ ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ. ಆ ಹಸುವಿನ ಹಾಲನ್ನು ಕೊನೆಗೆ ಕರೆಯಿರಿ. ಡೈರಿ ಕ್ಯಾನಿಗೆ ಸೇರಿಸಬೇಡಿ. ಔಷಧಿ ಕೊಟ್ಟರೆ ಎಷ್ಟು ದಿನ ಹಾಲು ಹಾಕಬಾರದು ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಸಾವಿತ್ರಿಯವರಿಗೆ ಒಂದು ಮಾತು. ಬರೀ ಬಾಯಲ್ಲಿ ಹೇಳಬೇಡಿ, ತೋರಿಸಿ. ಚಿಲ್ಲಿಂಗ್ ಸೆಂಟರಿನ ಲ್ಯಾಬ್‌ನಲ್ಲಿ ಮಿಥಿಲೀನ್ ಬ್ಲೂ ಇರುತ್ತದೆ. ನಿಮ್ಮ ವಿಸ್ತರಣಾಧಿಕಾರಿ ಮೂಲಕ ಕೇಳಿ. ಹತ್ತು ಎಂಎಲ್ ಹಾಲಿಗೆ ಒಂದು ಎಂಎಲ್ ನೀಲಿ ದ್ರಾವಣ. ಕುದಿಸಿದ ಟ್ಯೂಬು, ಕುದಿಸಿದ ರಬ್ಬರ್ ಬಿರಡೆ. 37 ಡಿಗ್ರಿ ನೀರಿನ ಬಕೆಟ್‌ನಲ್ಲಿ ನಿಲ್ಲಿಸಿ ಮೇಲೆ ಮುಚ್ಚಿಡಿ, ಬೆಳಕು ಬೀಳಬಾರದು. ಜೀವಿಗಳು ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಐದು ಗಂಟೆ ನೀಲಿ ಉಳಿದರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯಲ್ಲಿ ಬೆಳ್ಳಗಾದರೆ ಕೆಟ್ಟದ್ದು. ಮೇಲ್ಭಾಗದಲ್ಲಿ ಉಂಗುರದಷ್ಟು ನೀಲಿ ಉಳಿಯುತ್ತದೆ. ಅಲ್ಲಿ ಗಾಳಿ ತಾಗುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಪಾರ್ವತಕ್ಕ, ಹೊಸದುರ್ಗ
ಏಪ್ರಿಲ್ 4, ಮಧ್ಯಾಹ್ನ 2:00

ನಲವತ್ತು ವರ್ಷದಿಂದ ಹಾಲು ಕರೆಯುತ್ತಿದ್ದೇನೆ. ಕೈ ಒಣಗಿಸಿಕೊಂಡು ಕರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಒಣ ಕೈಯಲ್ಲಿ ಮೊಲೆ ಉಜ್ಜಿ ಹಸುವಿಗೆ ನೋವಾಗುತ್ತದೆ, ಒದೆಯುತ್ತದೆ. ನಾವು ಬೆರಳನ್ನು ಹಾಲಲ್ಲೇ ಅದ್ದಿಕೊಂಡು ಕರೆಯುತ್ತೇವೆ. ನಮ್ಮ ಅತ್ತೆಯೂ ಹಾಗೇ ಕರೆಯುತ್ತಿದ್ದರು.

ನಿವೃತ್ತ ಪಶುವೈದ್ಯ, ಹಾಸನ
ಏಪ್ರಿಲ್ 4, ಸಂಜೆ 5:15

ಪಾರ್ವತಕ್ಕ, ನೀವು ಬೆರಳಿನಲ್ಲಿ ಹಿಡಿದು ಮೇಲಿನಿಂದ ಕೆಳಗೆ ಎಳೆಯುತ್ತೀರಿ ಅನ್ನಿಸುತ್ತದೆ. ಎಳೆದರೆ ಜಾರಬೇಕು, ಅದಕ್ಕೆ ಪಸೆ ಬೇಕೇ ಬೇಕು. ಇಡೀ ಮುಷ್ಟಿಯಲ್ಲಿ ಹಿಡಿದು, ಮೇಲಿನ ಬೆರಳಿನಿಂದ ಒಂದೊಂದಾಗಿ ಅದುಮಿದರೆ ಕೈ ಜಾರುವ ಅಗತ್ಯವೇ ಇಲ್ಲ. ಕರು ಚೀಪುವುದೂ ಹಾಗೇ, ಅದು ಎಳೆಯುವುದಿಲ್ಲ. ಮೊಲೆ ತೀರಾ ಚಿಕ್ಕದಾಗಿದ್ದರೆ ಮುಷ್ಟಿ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಹಾಗಿದ್ದರೂ ಬೆರಳು ಹಾಲಿಗೆ ಅದ್ದಬೇಡಿ. ಒಂದು ಸಲ ನಿಮ್ಮ ಕೈಯನ್ನೇ ಗಮನಿಸಿ. ಒದ್ದೆ ಕೈಯಲ್ಲಿ ಕರೆಯುವಾಗ ಕಿರುಬೆರಳಿನ ಕೆಳಗೆ ಒಂದು ಹನಿ ಕಟ್ಟಿಕೊಳ್ಳುತ್ತದೆ, ಸ್ವಲ್ಪ ಬೂದು ಬಣ್ಣ. ಮೊಲೆಯ ಮೈ, ಕೈಯ ಬೆವರು, ಕೆಚ್ಚಲಿನ ಸಗಣಿ ಪಸೆ ಎಲ್ಲಾ ಅದರಲ್ಲಿ. ಅದು ನೇರವಾಗಿ ಪಾತ್ರೆಗೆ ಬೀಳುತ್ತದೆ.

ಸಾವಿತ್ರಿ, ಶಿರಾ ಕಡೆ
ಏಪ್ರಿಲ್ 6, ರಾತ್ರಿ 10:30

ಸಭೆ ಮುಗಿಯಿತು. ನಲವತ್ತಕ್ಕೂ ಹೆಚ್ಚು ಜನ ಬಂದಿದ್ದರು. ನಾನು ಬರೆದುಕೊಂಡಿದ್ದು ಅರ್ಧವೂ ಓದಲಿಲ್ಲ. ನೀಲಿ ಟ್ಯೂಬೇ ಎಲ್ಲಾ ಹೇಳಿತು.

ನಮ್ಮ ಮನೆಯ ಒಂದೇ ಹಸುವಿನ ಹಾಲು, ಮೂರು ಗಂಟೆಗೆ ಕರೆದದ್ದು. ಕುದಿಯುವ ನೀರಲ್ಲಿ ಅದ್ದಿದ ಸ್ಟೀಲ್ ಚೊಂಬಿಗೆ ಹಿಂಡಿದೆ. ಮೊದಲ ಟ್ಯೂಬಿಗೆ ಚೊಂಬಿನಿಂದಲೇ. ಎರಡನೆಯದಕ್ಕೆ, ಒಬ್ಬ ಅಕ್ಕ ತಾವಾಗಿಯೇ ಮುಂದೆ ಬಂದು ಮನೆಯಲ್ಲಿ ತೊಳೆದು ತಂದ ಕ್ಯಾನು ಕೊಟ್ಟರು. ಅದಕ್ಕೆ ಅರ್ಧ ಲೀಟರ್ ಹಾಕಿ ಸುತ್ತಿಸಿ ತೆಗೆದೆವು. ಮೂರನೆಯದು ಅದೇ ಕ್ಯಾನಿನ ಮುಚ್ಚಳ. ಮುಚ್ಚಳವನ್ನು ಬೋರಲು ಮಾಡಿ ಒಂದು ಲೋಟ ಹಾಲು ಹಾಕಿ, ರಬ್ಬರ್ ರಿಂಗು ನೆನೆಯುವಂತೆ ಆಡಿಸಿ ತೆಗೆದೆವು.

ಮೂರೂವರೆಗೆ ಬಕೆಟ್‌ನಲ್ಲಿ ಇಟ್ಟೆವು. ನಾನು ಕೆಚ್ಚಲು ಒರೆಸುವ ಬಟ್ಟೆಯ ಬಗ್ಗೆ ಮಾತಾಡುತ್ತಿದ್ದೆ, ಒಂದು ಹಸುವಿಗೆ ಒಂದು ಬಟ್ಟೆ ಅಂತ. ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ. ಮುಂದೆ ಕೂತಿದ್ದ ಹುಡುಗಿ "ಅಕ್ಕಾ, ಮೂರನೇದು ಬೆಳ್ಳಗಾಯ್ತು" ಅಂದಳು. ಇಪ್ಪತ್ತೈದು ನಿಮಿಷ! ಎಲ್ಲರೂ ಎದ್ದು ಬಕೆಟ್ ಸುತ್ತ ನಿಂತರು. ಕ್ಯಾನಿನ ಹಾಲು ಒಂದು ಗಂಟೆ ಹತ್ತು ನಿಮಿಷಕ್ಕೆ ಬಣ್ಣ ಬಿಟ್ಟಿತು. ಚೊಂಬಿನ ಹಾಲು ರಾತ್ರಿ ಎಂಟಕ್ಕೆ ಬಾಗಿಲು ಹಾಕುವಾಗಲೂ ನೀಲಿಯಾಗಿಯೇ ಇತ್ತು.

ಆ ಅಕ್ಕ ರಬ್ಬರ್ ರಿಂಗು ಯಾವತ್ತೂ ಬಿಚ್ಚಿರಲಿಲ್ಲ. ಬಿಚ್ಚಲು ಬರುತ್ತದೆ ಅಂತಲೇ ಗೊತ್ತಿರಲಿಲ್ಲ. ಅಲ್ಲೇ ಚಮಚದ ಹಿಡಿಯಿಂದ ಎತ್ತಿ ತೆಗೆದೆವು. ರಿಂಗಿನ ಕೆಳಗಿನ ಗುಂಡಿಯಲ್ಲಿ ಬೆಣ್ಣೆಯಂಥ ಹಳದಿ ಪಸೆ, ಸುತ್ತಲೂ. ವಾಸನೆ ಹೇಳುವ ಹಾಗಿಲ್ಲ. ಆಕೆ ಕಣ್ಣಲ್ಲಿ ನೀರು ಹಾಕಿಕೊಂಡರು. "ಇದರ ಮೇಲೇ ದಿನಾ ಹಾಲು ತಂದೆನಾ" ಅಂದರು. ನನಗೆ ಬಹಳ ಬೇಜಾರಾಯಿತು. ಅಷ್ಟರಲ್ಲಿ ಇನ್ನಿಬ್ಬರು "ನಮ್ಮದೂ ಹಾಗೇ ಇರುತ್ತೆ, ಬಿಡಕ್ಕ" ಅಂದರು.

ಆಮೇಲೆ ಆಕೆಯ ಸಂಜೆಯನ್ನೇ ಎಲ್ಲರ ಮುಂದೆ ಲೆಕ್ಕ ಹಾಕಿದೆವು, ಆಕೆಯೇ ಹೇಳಿ ಅಂದರು. ತೋಟದ ಮನೆ. ಮೂರು ಹಸು, ಹನ್ನೆರಡು ಲೀಟರ್. ನಾಲ್ಕಕ್ಕೆ ಕರೆಯಲು ಶುರು. ಮಗ ಬರುವವರೆಗೆ ಕ್ಯಾನು ಬಿಸಿಲು ಬೀಳುವ ಪಡಸಾಲೆಯಲ್ಲಿ. ಐದೂ ಮುಕ್ಕಾಲಿಗೆ ಬೈಕಿನಲ್ಲಿ ಹೊರಟರೆ ಆರೂ ಹತ್ತಕ್ಕೆ ಡೈರಿ. ಗಾಡಿ ಎಂಟಕ್ಕೆ, ಚಿಲ್ಲಿಂಗ್ ಸೆಂಟರು ಒಂಬತ್ತಕ್ಕೆ. ಒಟ್ಟು ಐದು ಗಂಟೆ. ಹಾಲಿನ ಸ್ವಂತ ಶಕ್ತಿ ನಮ್ಮ ಡೈರಿ ಕ್ಯಾನಿನಲ್ಲಿ ಕಾಯುತ್ತಿರುವಾಗಲೇ ಮುಗಿದಿರುತ್ತದೆ. ಜೊತೆಗೆ ಆ ರಿಂಗು.

ಐದಕ್ಕೆ ಕರೆಯಿರಿ ಅಂದೆ. ಹಸುಗಳಿಗೆ ರೂಢಿಯಾಗಲು ದಿನಕ್ಕೆ ಹದಿನೈದು ನಿಮಿಷ ಮುಂದೆ ಹಾಕಿಕೊಳ್ಳುತ್ತೇನೆ ಅಂದರು. ಬೆಳಿಗ್ಗೆ ಐದಕ್ಕೇ ಕರೆಯುತ್ತಾರೆ, ಹಾಗಾಗಿ ಹನ್ನೆರಡು ಗಂಟೆಯ ಅಂತರವೂ ಸರಿಹೋಗುತ್ತದೆ. ಕ್ಯಾನು ಬೇವಿನ ಮರದ ಕೆಳಗಿನ ತೊಟ್ಟಿಗೆ.

ಗಂಗಾಧರ, ತಿಪಟೂರು
ಏಪ್ರಿಲ್ 6, ರಾತ್ರಿ 11:05

ಓದಿ ಎದ್ದು ಹೋಗಿ ನಮ್ಮ ಕ್ಯಾನಿನ ಒಳಗೆ ಉಗುರು ಆಡಿಸಿದೆ. ಡಾಕ್ಟರ್ ಹೇಳಿದ ಹಳದಿ ಪುಡಿ ಬಂತು. ನಾಳೆ ಹುಣಸೆ ಹುಳಿ ಹಾಕುತ್ತೇನೆ. ಆದರೂ ನಮ್ಮ ಹಾಲು ವಾಪಸ್ ಬಂದಿಲ್ಲ ಅನ್ನುವುದು ನಿಜವೇ. ನಮ್ಮ ಮನೆಯಿಂದ ಡೈರಿ ನೂರು ಹೆಜ್ಜೆ, ಅಲ್ಲೇ ಬಿಎಂಸಿ ಇದೆ. ಅದಕ್ಕೇ ಉಳಿಯುತ್ತಿತ್ತು ಅನ್ನಿಸುತ್ತದೆ.

ಸಂಘದ ಕಾರ್ಯದರ್ಶಿ, ಚನ್ನರಾಯಪಟ್ಟಣ ಕಡೆ
ಏಪ್ರಿಲ್ 7, ಬೆಳಿಗ್ಗೆ 9:20

ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ. ಒಂದು ಕ್ಯಾನಿಗೆ ನಲವತ್ತು ಲೀಟರ್, ಎಂಟು ಹತ್ತು ಜನರ ಹಾಲು. ಒಬ್ಬರದ್ದು ಹುಳಿಗೆ ಹತ್ತಿರ ಇದ್ದರೆ ಎಲ್ಲರದ್ದೂ ಹೋಗುತ್ತದೆ. ನಷ್ಟ ಯಾರ ತಲೆ ಮೇಲೆ? ನಮ್ಮಲ್ಲಿ ಎಲ್ಲರಿಗೂ ಹಂಚುತ್ತೇವೆ. ಚೆನ್ನಾಗಿ ಹಾಲು ತರುವವರು ಸಿಟ್ಟಾಗುತ್ತಾರೆ, ಅವರ ಸಿಟ್ಟು ನ್ಯಾಯವೇ. ಹಾಗಂತ ಯಾರ ಹಾಲು ಅಂತ ಹಿಡಿಯುವುದು ಹೇಗೆ?

ಸಾವಿತ್ರಿ, ಶಿರಾ ಕಡೆ
ಏಪ್ರಿಲ್ 7, ಮಧ್ಯಾಹ್ನ 12:40

ಸಂಜೆ ಹೊತ್ತು ನಾನು ಮುಚ್ಚಳ ತೆಗೆದ ತಕ್ಷಣ ಮೂಸಿ ನೋಡುತ್ತೇನೆ. ತಡವಾದರೆ ವಾಸನೆ ಹೋಗಿಬಿಡುತ್ತದೆ. ಅನುಮಾನ ಬಂದರೆ ಟ್ಯೂಬಿಗೆ ಐದು ಎಂಎಲ್ ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷ ಇಡುತ್ತೇನೆ. ಟ್ಯೂಬ್ ಓರೆ ಮಾಡಿದಾಗ ಗೋಡೆಗೆ ರವೆಯಂಥ ಕಣ ಅಂಟಿದರೆ ಕ್ಯಾನಿಗೆ ಸುರಿಯುವುದಿಲ್ಲ. ಎಲ್ಲರದ್ದೂ ಹೀಗೆ ಮಾಡಲು ಸಮಯ ಇಲ್ಲ, ಸಾಲು ರಸ್ತೆವರೆಗೆ ಹೋಗುತ್ತದೆ.

ನಿವೃತ್ತ ಪಶುವೈದ್ಯ, ಹಾಸನ
ಏಪ್ರಿಲ್ 7, ಸಂಜೆ 6:00

ಆ ಪರೀಕ್ಷೆಯಲ್ಲಿ ಸಿಗುವುದು ಆಗಲೇ ಒಡೆಯುವ ಹಂತಕ್ಕೆ ಬಂದ ಹಾಲು ಮಾತ್ರ. ನಿಮ್ಮಲ್ಲಿ ಆರಕ್ಕೆ ಪಾಸಾದ ಹಾಲು ಒಂಬತ್ತಕ್ಕೆ ಒಡೆಯಬಹುದು. ಆದ್ದರಿಂದ ಪಾಸಾಯಿತು ಅಂತ ಒಬ್ಬರನ್ನು ಬಿಟ್ಟು, ಫೇಲಾಯಿತು ಅಂತ ಇನ್ನೊಬ್ಬರ ಮೇಲೆ ಇಡೀ ಕ್ಯಾನಿನ ನಷ್ಟ ಹಾಕಿದರೆ ಅನ್ಯಾಯ ಆಗುತ್ತದೆ. ಕಾರ್ಯದರ್ಶಿಗಳ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಿಂಗಳಿಗೊಮ್ಮೆ ಎಲ್ಲರ ಹಾಲಿಗೂ ನೀಲಿ ಪರೀಕ್ಷೆ ಮಾಡಿ, ಬೇಗ ಬೆಳ್ಳಗಾದವರ ಮನೆಗೆ ಹೋಗಿ ಕ್ಯಾನು ನೋಡಿ ಅನ್ನಬಲ್ಲೆ ಅಷ್ಟೇ.

ಮಂಜು, ಚಿಂತಾಮಣಿ
ಏಪ್ರಿಲ್ 7, ರಾತ್ರಿ 8:10

ನಾನು ಒಪ್ಪುವುದಿಲ್ಲ ಡಾಕ್ಟರೇ. ಮೂರು ಸಲ ಮನೆಗೆ ಹೋಗಿ ಹೇಳಿದ ಮೇಲೂ ಬದಲಾಗದವರ ಹಾಲನ್ನು ಬೇರೆ ಕ್ಯಾನಿಗೆ ಹಾಕಬೇಕು. ನಮ್ಮ ಲೈನರ್ ಹಾಳಾಗಿದ್ದಾಗ ನಮ್ಮ ಹಾಲನ್ನು ಬೇರೆ ಇಟ್ಟರು. ನಾಚಿಕೆಯಾಯಿತು, ಆದರೆ ಅದಕ್ಕೇ ರಿಪೇರಿಯವರನ್ನು ಕರೆಸಿದೆ.

ಸಾವಿತ್ರಿ, ಶಿರಾ ಕಡೆ
ಏಪ್ರಿಲ್ 15, ರಾತ್ರಿ 9:50

ಒಂದು ವಾರದ ಸುದ್ದಿ. ಸಭೆಯಾದ ಮೇಲೆ ಒಂದೇ ಕ್ಯಾನು ವಾಪಸ್ ಬಂದಿದೆ, ಅದೂ ಗಾಡಿ ಕೆಟ್ಟು ಒಂಬತ್ತೂವರೆಗೆ ಬಂದ ದಿನ. ಅವತ್ತಿನದ್ದು ನಮ್ಮ ಅಕ್ಕಂದಿರ ತಪ್ಪಲ್ಲ ಅಂದುಕೊಂಡಿದ್ದೆ. ಆದರೆ ಬೇರೆ ಕ್ಯಾನುಗಳು ಅಷ್ಟು ಹೊತ್ತಾದರೂ ಉಳಿದವು. ಆ ಒಂದು ಕ್ಯಾನಿಗೆ, ಮಧ್ಯಾಹ್ನವೇ ಕರೆದಿಟ್ಟ ಎರಡು ಲೀಟರನ್ನು ಸಂಜೆಯ ಬೆಚ್ಚಗಿನ ಹಾಲಿನ ಜೊತೆ ಸೇರಿಸಿ ತಂದಿದ್ದರು ಅಂತ ಆಮೇಲೆ ಗೊತ್ತಾಯಿತು. ಆರಿದ ಹಳೇ ಹಾಲಿಗೆ ಬಿಸಿ ಹಾಲು ಸುರಿದರೆ ಮಲಗಿದ್ದ ಜೀವಿಗಳನ್ನು ಎಬ್ಬಿಸಿದ ಹಾಗೆ. ಇದನ್ನು ಸಭೆಯಲ್ಲಿ ಹೇಳಲು ಮರೆತಿದ್ದೆ. ನಾಳೆ ಡೈರಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳುತ್ತೇನೆ.

ಗಾಡಿಯ ಸಮಯ ಬದಲಾಯಿಸಲು ಅರ್ಜಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಪಾರ್ವತಕ್ಕ, ಹೊಸದುರ್ಗ
ಏಪ್ರಿಲ್ 16, ಬೆಳಿಗ್ಗೆ 7:30

ಮುಷ್ಟಿಯಲ್ಲಿ ಕರೆದು ನೋಡಿದೆ. ಎರಡು ಹಸು ಸುಮ್ಮನೆ ನಿಂತವು, ಕೈ ಒಣಗೇ ಇತ್ತು. ಮೂರನೆಯದರ ಮೊಲೆ ಬಹಳ ಚಿಕ್ಕದು, ಆಗಲಿಲ್ಲ. ನಾಲ್ಕು ದಿನ ಮಣಿಕಟ್ಟು ನೋಯಿತು, ಈಗ ಕಡಿಮೆಯಾಗಿದೆ. ಸಾವಿತ್ರಿ, ಮುಚ್ಚಳದ ರಬ್ಬರ್ ರಿಂಗು ತೆಗೆದರೆ ಹರಿದುಹೋಯಿತು ನಮ್ಮದು. ಹೊಸದು ಎಲ್ಲಿ ಸಿಗುತ್ತದೆ?

ಸಾವಿತ್ರಿ, ಶಿರಾ ಕಡೆ
ಏಪ್ರಿಲ್ 16, ಬೆಳಿಗ್ಗೆ 10:15

ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೇಳಿ ಅಕ್ಕ. ಹರಿದ ರಿಂಗನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ, ಅಳತೆಗೆ ಬೇಕಾಗುತ್ತದೆ. ಎರಡು ತೆಗೆದುಕೊಳ್ಳಿ. ಒಂದು ಒಣಗುತ್ತಿರುವಾಗ ಇನ್ನೊಂದು ಹಾಕಬಹುದು.